ಟೋಟಲ್ ಪಗಾರ ಕೇಳಿ ಸಹಿ ಹಾಕಬೇಡಿ, ಬೇಸಿಕ್ ಎಷ್ಟು ಅಂತ ಕೇಳಿ

ನಾನು ಮುಧೋಳ ತಾಲೂಕಿನವನು, ಆರ್ಗಾನ್ ವೆಲ್ಡರ್. ಐಟಿಐ ಮುಗಿಸಿ ಎಂಟು ವರ್ಷ ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಟ್ಯೂಬ್ ಕೆಲಸ ಮಾಡಿದೆ. ಬಾಯ್ಲರ್ ವೆಲ್ಡಿಂಗಿಗೆ ಬೇಕಾದ ಐಬಿಆರ್ ಸರ್ಟಿಫಿಕೇಟ್ ಇತ್ತು. ಕಬ್ಬು ನುರಿಸೋದು ನಿಂತ ಮೇಲೆ ರಿಪೇರಿ ಸೀಸನ್ ಶುರುವಾದರೆ ಕಾಂಟ್ರಾಕ್ಟರುಗಳೇ ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. 2019ರ ಫೆಬ್ರವರಿಯಲ್ಲಿ ಅಬುಧಾಬಿಗೆ ಹೋದೆ, 2023ರ ಫೆಬ್ರವರಿಯಲ್ಲಿ ವಾಪಸ್ ಬಂದೆ. ಆ ನಾಲ್ಕು ವರ್ಷದಲ್ಲಿ ಕಳೆದುಕೊಂಡದ್ದಕ್ಕೆಲ್ಲ ಮೂಲ ನಾನು ಓದದೆ ಸಹಿ ಹಾಕಿದ ಎರಡು ಸಾಲು. ಈಗ ಹೊರಟು ನಿಂತಿರುವ ಹುಡುಗರು ಓದಲಿ ಅಂತ ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ಟ್ರೇಡ್ ಟೆಸ್ಟ್ ಆಯಿತು. ಸಿಕ್ಸ್ ಜಿ, ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ಅದನ್ನು ತಿರುಗಿಸದೆ ನಾವೇ ಸುತ್ತ ಬಂದು ಜೋಡಿಸಬೇಕು. ಪಾಸಾದೆ. ಏಜೆಂಟ್ "ಟೋಟಲ್ 2,200 ದಿರ್ಹಂ, ಊಟ-ರೂಮು ಕಂಪನಿದು" ಅಂದ. ಅವನಿಗೆ ಕೊಟ್ಟದ್ದು 1,10,000 ರೂಪಾಯಿ, ನಗದು, ರಸೀದಿ ಇಲ್ಲ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ ಬಿಟ್ಟು ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಅವನ ನೋಂದಣಿ ಸಂಖ್ಯೆ ಕೇಳಿ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿದ್ದರೆ ಐದು ನಿಮಿಷದ ಕೆಲಸ. ಆ ದುಡ್ಡು ನೂರಕ್ಕೆ ಮೂರರ ಬಡ್ಡಿಯ ಸಾಲ. ತಿಂಗಳಿಗೆ 3,300 ಬಡ್ಡಿಯೇ ಹೋಗುತ್ತಿತ್ತು.

ಆಫರ್ ಲೆಟರ್ ಕೈಗೆ ಬಂದದ್ದು ಹೊರಡುವ ಹಿಂದಿನ ದಿನ. ಅರಬ್ಬಿ, ಇಂಗ್ಲಿಷ್ ಜೊತೆ ಹಿಂದಿಯೂ ಇತ್ತು. ಓದಬಹುದಿತ್ತು, ಓದಲಿಲ್ಲ. ಕೆಳಗೆ 2,200 ಇದೆಯೋ ಇಲ್ಲವೋ ಅಷ್ಟೇ ನೋಡಿದೆ. ಅದರಲ್ಲಿ ಬೇಸಿಕ್ 900, ಉಳಿದ 1,300 ಬೇರೆ ಬೇರೆ ಭತ್ಯೆ. ಹುದ್ದೆಯ ಸಾಲಿನಲ್ಲಿ 'ಹೆಲ್ಪರ್'. ಹುದ್ದೆ ಹೀಗ್ಯಾಕೆ ಅಂತ ಅಲ್ಲಿಗೆ ಹೋದ ಮೇಲೆ ಕೇಳಿದರೆ, "ವೀಸಾ ಆ ಹೆಸರಿಗೇ ಸಿಗೋದು, ಕೆಲಸ ವೆಲ್ಡರದ್ದೇ" ಅಂದರು. ಪ್ರತಿ ತಿಂಗಳು 2,200 ಸರಿಯಾಗಿ ಖಾತೆಗೆ ಬೀಳುತ್ತಿತ್ತು, ಅದಕ್ಕೆ ನಾನೂ ಸುಮ್ಮನಾದೆ.

ಬೇಸಿಕ್ ಯಾಕೆ ಮುಖ್ಯ ಅನ್ನೋದನ್ನು ನನ್ನ ಲೆಕ್ಕದಲ್ಲೇ ಹೇಳುತ್ತೇನೆ. ಯುಎಇಯಲ್ಲಿ ಓವರ್‌ಟೈಮ್ ಲೆಕ್ಕ ಹಾಕೋದು ಬೇಸಿಕ್ ಮೇಲೆ, ಹಗಲಿನದಾದರೆ ಒಂದೂಕಾಲು ಪಟ್ಟು. 900ನ್ನು 30 ದಿನಕ್ಕೆ, ಆಮೇಲೆ 8 ತಾಸಿಗೆ ಭಾಗಿಸಿದರೆ ತಾಸಿಗೆ 3.75 ದಿರ್ಹಂ, ಒಂದೂಕಾಲು ಪಟ್ಟು ಅಂದರೆ 4.69. ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ತಮಿಳುನಾಡಿನ ಅಣ್ಣನಿಗೂ ಟೋಟಲ್ 2,200, ಆದರೆ ಬೇಸಿಕ್ 1,600. ಅವನಿಗೆ ತಾಸಿಗೆ 8.33. ಇಬ್ಬರೂ ದಿನಕ್ಕೆ ಎರಡು ತಾಸು ಹೆಚ್ಚು ದುಡಿಯುತ್ತಿದ್ದೆವು, ತಿಂಗಳಿಗೆ 52 ತಾಸು. ಅವನಿಗೆ ನನಗಿಂತ ತಿಂಗಳಿಗೆ ಸುಮಾರು 190 ದಿರ್ಹಂ ಜಾಸ್ತಿ. ನಾಲ್ಕು ವರ್ಷಕ್ಕೆ 9,000ದ ಮೇಲೆ, ನಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ 1,80,000.

ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯೂ ಅಷ್ಟೇ. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್. ನಾನು 2,200ರ ಮೇಲೆ ಲೆಕ್ಕ ಹಾಕಿ 6,160 ದಿರ್ಹಂ ಬರುತ್ತದೆ, ಅದರಲ್ಲಿ ಊರಿನಲ್ಲಿ ಶೆಡ್ಡಿಗೆ ಪತ್ರಾಸು ಹಾಕಿಸಿ ಕಬ್ಬಿನ ಟ್ರೇಲರ್ ಕಟ್ಟುವ ಕೆಲಸ ಶುರು ಮಾಡೋಣ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಕೈಗೆ ಬಂದದ್ದು 2,520, ಸುಮಾರು 55,000 ರೂಪಾಯಿ. ಕಂಪನಿ ಮೋಸ ಮಾಡಿತು ಅಂತ ಹೇಳೋಕೂ ಆಗಲ್ಲ. ನಾನು ಸಹಿ ಹಾಕಿದ ಲೆಕ್ಕವೇ ಅದು. ತಿಂಗಳ ದುಡ್ಡನ್ನೆಲ್ಲ ಅಣ್ಣನ ಖಾತೆಗೆ ಕಳಿಸಿದ್ದೆ. ಸಾಲ, ಬೋರು, ತಂಗಿ ಮದುವೆ, ಎಲ್ಲದಕ್ಕೂ ಆಗಿ ಮುಗಿದಿತ್ತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ನನ್ನ ಹೆಸರಿನಲ್ಲಿ ಒಂದು ಎನ್‌ಆರ್‌ಇ ಖಾತೆ, ಅಂದರೆ ಹೊರದೇಶದಲ್ಲಿ ದುಡಿಯುವವರು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ಖಾತೆ ತೆರೆದು, ವಾಪಸ್ ಬಂದ ಮೇಲಿನ ದಿನಗಳಿಗೆ ತಿಂಗಳಿಗೆ ಐದು ಸಾವಿರವಾದರೂ ಅಲ್ಲಿ ಬಿಡಬೇಕಿತ್ತು.

ದುಡ್ಡಿಗಿಂತ ನನಗೆ ಹೆಚ್ಚು ಹೊಡೆತ ಬಿದ್ದದ್ದು ಕೈಗೆ. ಮೊದಲ ಏಳು ತಿಂಗಳು ಪೈಪ್ ಮೇಲೆ ಆರ್ಗಾನ್ ಕೆಲಸ ಕೊಟ್ಟರು. ಆಮೇಲೆ ಸ್ಟ್ರಕ್ಚರ್ ವಿಭಾಗಕ್ಕೆ ಹಾಕಿದರು: ಪ್ಲಾಟ್‌ಫಾರ್ಮ್, ಕೈಹಿಡಿ, ಮೆಟ್ಟಿಲು. ಅಲ್ಲಿ ವೈರ್ ಮಷಿನ್, ಸುರುಳಿ ಮುಗಿಯುವ ತನಕ ಒತ್ತಿ ಹಿಡಿದರೆ ಆಯಿತು. ಮೂರು ವರ್ಷ ಆರ್ಗಾನ್ ಟಾರ್ಚ್ ಮುಟ್ಟಲಿಲ್ಲ. ನಾವು ಟೆಸ್ಟ್ ಕೊಡುವ ಎಎಸ್‌ಎಂಇ ಸೆಕ್ಷನ್ 9 ನಿಯಮದಲ್ಲಿ, ಒಂದು ವಿಧಾನದಲ್ಲಿ ಆರು ತಿಂಗಳು ವೆಲ್ಡ್ ಮಾಡದೇ ಹೋದರೆ ಆ ವಿಧಾನದ ಅರ್ಹತೆ ಹೋಗುತ್ತದೆ. ಅದಕ್ಕೇ ಕಂಪನಿಗಳಲ್ಲಿ ಕಂಟಿನ್ಯೂಟಿ ಶೀಟ್ ಇರುತ್ತದೆ, ಯಾವ ವೆಲ್ಡರ್ ಯಾವಾಗ ಯಾವ ವಿಧಾನದಲ್ಲಿ ಕೆಲಸ ಮಾಡಿದ ಅಂತ ಬರೆದು ಸಹಿ ಮಾಡಿದ ಹಾಳೆ. ಸೂಪರ್‌ವೈಸರನ್ನು ಕೇಳಿ ಆರು ತಿಂಗಳಿಗೆ ಒಂದೆರಡು ಪೈಪ್ ಜಾಯಿಂಟ್ ಮಾಡಿ, ಆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು. ಕೇಳಿದರೆ ಕೊಡುತ್ತಿದ್ದರು. ನಾನು ಒಮ್ಮೆಯೂ ಕೇಳಲಿಲ್ಲ.

ಊರಿಗೆ ಬಂದು ಮೇ ತಿಂಗಳಲ್ಲಿ ಹಳೆಯ ಕಾಂಟ್ರಾಕ್ಟರ್ ಕಾಕಾನ ಹತ್ತಿರ ಹೋದೆ. ಐಬಿಆರ್ ಅವಧಿ ಮುಗಿದಿದೆ, ಮತ್ತೆ ಟೆಸ್ಟ್ ಕೊಡಬೇಕು, ಅದಕ್ಕೂ ಮೊದಲು ಒಂದು ತುಂಡು ಮಾಡಿ ತೋರಿಸು ಅಂದರು. ಎರಡು ಟ್ಯೂಬಿನ ನಡುವೆ ನಾಲ್ಕು ಬೆರಳು ಜಾಗ. ಹಿಂಬದಿ ಕಾಣಲ್ಲ, ಕನ್ನಡಿ ಇಟ್ಟು ಅದರಲ್ಲಿ ನೋಡಿ ವೆಲ್ಡ್ ಮಾಡಬೇಕು. ಮೊದಲು ನಾನು ಇಂಥವನ್ನು ದಿನಕ್ಕೆ ಹತ್ತು ಮಾಡುತ್ತಿದ್ದೆ. ಅವತ್ತು ಕನ್ನಡಿಯಲ್ಲಿ ಕೈ ಎಡಕ್ಕೆ ಹೋಗುತ್ತದೋ ಬಲಕ್ಕೋ ಅಂತ ಎರಡು ಸಲ ನಿಂತು ನೋಡಿದೆ. ಫಿಲ್ಲರ್ ಕಡ್ಡಿ ಟಂಗ್‌ಸ್ಟನ್ನಿಗೆ ತಾಗಿ ಹಿಡಿಯಿತು. ಮೇಲಿಂದ ನೋಡಿದರೆ ಜಾಯಿಂಟ್ ಚೆನ್ನಾಗಿಯೇ ಇತ್ತು. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದಾಗ ನಟ್ಟನಡುವೆ ನೇರವಾದ ಕರಿ ಗೆರೆ. ರೂಟ್, ಅಂದರೆ ಜಾಯಿಂಟಿನ ತಳ, ಒಳಗೆ ಕೂಡಿಯೇ ಇರಲಿಲ್ಲ.

ಕಾಕಾ ಬೈಯಲಿಲ್ಲ. "ತಮ್ಮಾ, ಕೈ ಹೋಗೇತಿ ನಿಂದು. ಕೂಡೂದ ಐತಿ, ಆದ್ರ ಈ ಸೀಸನ್ ಆಗೂದಿಲ್ಲ," ಅಂದರು.

ಮತ್ತೆ ಹೊರಗೇ ಹೋಗೋಣ ಅಂತ ಮುಂಬಯಿಗೆ ಫೋನ್ ಮಾಡಿದೆ. ಅನುಭವ ಪತ್ರ ಕಳಿಸು ಅಂದರು. ಅದರಲ್ಲಿ ಕಾಂಟ್ರಾಕ್ಟಿನಲ್ಲಿದ್ದ ಹುದ್ದೆಯನ್ನೇ ಬರೆದಿದ್ದರು: ಹೆಲ್ಪರ್, ನಾಲ್ಕು ವರ್ಷ. ಅಲ್ಲಿಯ ಕಾನೂನಿನ ಪ್ರಕಾರ ಬಿಡುವಾಗ ಕೇಳಿದರೆ ಮಾಡಿದ ಕೆಲಸ ಎಂಥದ್ದು ಅಂತ ಬರೆದು ಪುಕ್ಕಟೆ ಪತ್ರ ಕೊಡಬೇಕು. ಕೊಟ್ಟದ್ದನ್ನು ಅಲ್ಲೇ ಓದಿ, ತಿದ್ದಿಸಿಕೊಂಡು ವಿಮಾನ ಹತ್ತಬೇಕಿತ್ತು. ಇಲ್ಲಿ ಕೂತು ಕಳಿಸಿದ ಮೇಲ್‌ಗಳಿಗೆ ಉತ್ತರವೇ ಬರಲಿಲ್ಲ.

ಆ ಮಳೆಗಾಲವೆಲ್ಲ ಕಾಕಾನ ಶೆಡ್ಡಿನಲ್ಲಿ ಗುಜರಿ ಟ್ಯೂಬ್ ಮೇಲೆ ಕೈ ಕೂಡಿಸಿದೆ. ಮುಂದಿನ ವರ್ಷ ಐಬಿಆರ್ ಮತ್ತೆ ಪಾಸಾದೆ.

ಹೋದ ವಾರ ನಮ್ಮ ಓಣಿಯ ಹುಡುಗ ದುಬೈಯ ಆಫರ್ ಲೆಟರ್ ತಂದು "ಅಣ್ಣಾ, ಟೋಟಲ್ 2,400 ಐತಿ" ಅಂದ. ಬೇಸಿಕ್ ಸಾಲಿನ ಮೇಲೆ ಬೆರಳಿಟ್ಟು ಓದಿಸಿದೆ. 1,000 ಇತ್ತು. ಹುದ್ದೆಯೂ ವೆಲ್ಡರ್ ಅಲ್ಲ, ಸಾಮಾನ್ಯ ಕಾರ್ಮಿಕ. ಎರಡನ್ನೂ ತಿದ್ದಿ ಹೊಸ ಪತ್ರ ಕಳಿಸಿ ಅಂತ ನನ್ನ ಮುಂದೆಯೇ ಏಜೆಂಟಿಗೆ ಬರೆದ. ಉತ್ತರ ಇನ್ನೂ ಬಂದಿಲ್ಲ. ದುಡ್ಡೂ ಕೊಟ್ಟಿಲ್ಲ, ಪಾಸ್‌ಪೋರ್ಟ್ ಅವರವ್ವನ ಟ್ರಂಕಿನಲ್ಲೇ ಇದೆ.