ಎರಡು ದಿನದ ಸಮ್ಮೇಳನದ ವೇಳಾಪಟ್ಟಿ: ಗೋಡೆಯ ಚೀಟಿಯೋ, ಶೀಟೋ?

ಮೂರು ಸಭಾಂಗಣ, ದಿನಕ್ಕೆ ನಾಲ್ಕು ಅವಧಿ, ಒಟ್ಟು 24 ಗೋಷ್ಠಿ ಎಂದಿಟ್ಟುಕೊಳ್ಳಿ.

ವೇಳಾಪಟ್ಟಿಯನ್ನು ಗೋಡೆಗೆ ಅಂಟುಚೀಟಿ ಹಚ್ಚಿ ಮಾಡಬಹುದು, ಇಲ್ಲವೇ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ. ಖರ್ಚು ಎರಡರಲ್ಲೂ ಅತ್ಯಲ್ಪ. ಅದಲುಬದಲಿಗೆ ಅಂಟುಚೀಟಿಯೇ ಸಲೀಸು: ನಾಲ್ಕು ಜನ ಗೋಡೆಯ ಮುಂದೆ ನಿಂತು ಚೀಟಿ ಸರಿಸಿದರೆ ಒಂದು ಮಧ್ಯಾಹ್ನದಲ್ಲಿ ಕರಡು ಸಿದ್ಧ. ಚಹಾ, ಊಟದ ಚೀಟಿಗಳನ್ನು ಮೊದಲೇ ಅಂಟಿಸಿಬಿಡಿ. ಅವು ಮೂರೂ ಸಭಾಂಗಣಕ್ಕೆ ಒಂದೇ ಹೊತ್ತಿಗಿರಲಿ. ಅವಧಿಗಳ ನಡುವೆ 10 ನಿಮಿಷ ಬಿಡದಿದ್ದರೆ ಮೊದಲ ಗೋಷ್ಠಿಯ ತಡ ಊಟದವರೆಗೂ ಬೆಳೆಯುತ್ತದೆ.

ಘರ್ಷಣೆ ಹಿಡಿಯುವುದರಲ್ಲಿ ಮಾತ್ರ ಕಣ್ಣನ್ನು ನಂಬಬಾರದು. ಒಬ್ಬರೇ ಒಂದು ಕಡೆ ಭಾಷಣಕಾರರು, ಇನ್ನೊಂದು ಕಡೆ ಅದೇ ಹೊತ್ತಿಗೆ ಅಧ್ಯಕ್ಷರು: ಚೀಟಿಯಲ್ಲಿ ತಪ್ಪಿಹೋಗುವುದು ಇದೇ. ಶೀಟಿನಲ್ಲಿ A ಕಾಲಮ್ಮಿಗೆ ಅವಧಿ (D1S2 ಎಂದರೆ ಮೊದಲ ದಿನದ ಎರಡನೆಯದು), B ಗೆ ಹೆಸರು, C ಗೆ ಸಭಾಂಗಣ ಹಾಕಿ, ಎರಡನೇ ಸಾಲಿನಿಂದ ಆಯ್ದು, ಷರತ್ತು ಬಣ್ಣಕ್ಕೆ, ಅಂದರೆ conditional formatting ಗೆ, ಈ ಸೂತ್ರ ಕೊಡಿ; ಒಂದೇ ಅವಧಿಯಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಬಣ್ಣ ಬರುತ್ತದೆ:

```
=COUNTIFS($A$2:$A$200,$A2,$B$2:$B$200,$B2)>1
```

ಸಂವಾದದಲ್ಲಿ ನಾಲ್ವರಿದ್ದರೆ ನಾಲ್ಕು ಸಾಲು. ಒಂದೇ ಕೋಶದಲ್ಲಿ ತುರುಕಿದರೆ ಸೂತ್ರ ಕುರುಡು. ಎರಡು ಅವಧಿ ನಡೆಯುವ ಕಾರ್ಯಾಗಾರಕ್ಕೂ ಪ್ರತಿ ಅವಧಿಗೊಂದು ಸಾಲು ಬೇಕು. ‘ಡಾ.’ ಒಮ್ಮೆ ಹಾಕಿ ಒಮ್ಮೆ ಬಿಟ್ಟರೂ ಎಡವಟ್ಟೇ.

ಒಂದೇ ಸಭಾಂಗಣ, ಹತ್ತು ಜನ ಭಾಷಣಕಾರರಾದರೆ ಚೀಟಿ ಸಾಕು. ಸಮಾನಾಂತರ ಗೋಷ್ಠಿಗಳಿದ್ದು, ಹೆಸರುಗಳು ಕೊನೆಯ ವಾರದವರೆಗೂ ಬದಲಾಗುವಂತಿದ್ದರೆ ಕರಡನ್ನು ಚೀಟಿಯಲ್ಲಿ ಮಾಡಿ, ಅಂದೇ ಶೀಟಿಗೆ ಏರಿಸಿ. ಆಮೇಲೆ ತಿದ್ದುವುದೆಲ್ಲ ಶೀಟಿನಲ್ಲೇ.