ಒಂದು ಮಾರ್ಕೆಟ್ ಆರ್ಡರ್‌ಗೆ ಹೋದ 9,663 ರೂಪಾಯಿ

ಸಣ್ಣ ಕಂಪನಿಗಳ ಷೇರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಹೋದ ತಿಂಗಳು ಮಗಳ ಕಾಲೇಜು ಫೀಸ್ ಕಟ್ಟೋಕೆ ನನ್ನ ಹತ್ತಿರ ಇದ್ದ 3,000 ಷೇರಲ್ಲಿ 2,000 ಮಾರಿದೆ. ಆ್ಯಪ್‌ನಲ್ಲಿ ಬೆಲೆ 84.50 ಅಂತ ಕಾಣುತ್ತಿತ್ತು. 1,69,000 ಬರುತ್ತೆ ಅಂದುಕೊಂಡು ಮಾರ್ಕೆಟ್ ಆರ್ಡರ್ ಹಾಕಿದೆ. ಒಂದು ಸೆಕೆಂಡ್ ಕೂಡ ಆಗಲಿಲ್ಲ, ಎಲ್ಲಾ ಮಾರಾಟ ಆಯಿತು. ಬಂದಿದ್ದು 1,59,337.

ಮೋಸ ಆಗಿದೆ ಅಂತಲೇ ಬ್ರೋಕರ್‌ಗೆ ಫೋನ್ ಮಾಡಿದೆ. ಟ್ರೇಡ್ ಬುಕ್ ತೆಗೆದು ನೋಡಿ ಸರ್ ಅಂದರು. ತೆಗೆದರೆ ನನ್ನ ಒಂದು ಆರ್ಡರ್ ಏಳು ಬೆಲೆಗೆ ಹರಿದು ಹಂಚಿಹೋಗಿತ್ತು. 84.20ಕ್ಕೆ 150, 83.90ಕ್ಕೆ 80, 83ಕ್ಕೆ 200, 81.50ಕ್ಕೆ 100, 80ಕ್ಕೆ 500, 78.50ಕ್ಕೆ 370, ಕೊನೆಯ 600 ಷೇರು 77ಕ್ಕೆ. ಸರಾಸರಿ 79.67.

ಯಾರೂ ಮೋಸ ಮಾಡಿರಲಿಲ್ಲ. ಎಕ್ಸ್‌ಚೇಂಜ್ ಕೆಲಸ ಮಾಡೋದೇ ಹಾಗೆ. ಕೊಳ್ಳುವವರ ಆರ್ಡರ್‌ಗಳು ಒಂದು ಕಡೆ, ಮಾರುವವರದ್ದು ಇನ್ನೊಂದು ಕಡೆ ಸಾಲಾಗಿ ಕಾಯುತ್ತಿರುತ್ತವೆ, ಇದೇ ಆರ್ಡರ್ ಬುಕ್. ಕೊಳ್ಳುವವರಲ್ಲಿ ಯಾರು ಜಾಸ್ತಿ ಬೆಲೆ ಹೇಳಿದ್ದಾರೋ ಅವರು ಮುಂದೆ. ಬೆಲೆ ಒಂದೇ ಆಗಿದ್ದರೆ ಮೊದಲು ಆರ್ಡರ್ ಹಾಕಿದವರು ಮುಂದೆ. ಮಾರ್ಕೆಟ್ ಆರ್ಡರ್ ಅಂದರೆ "ಎಷ್ಟಾದರೂ ಪರವಾಗಿಲ್ಲ, ಈಗಲೇ ಮಾರಿ" ಅಂತ ನಾವೇ ಬರೆದುಕೊಟ್ಟ ಹಾಗೆ. ಮೇಲಿನ ಸಾಲು ಖಾಲಿಯಾದರೆ ಅದು ಕೆಳಗಿನ ಸಾಲಿಗೆ ಇಳಿಯುತ್ತೆ, ಅದೂ ಖಾಲಿಯಾದರೆ ಇನ್ನೂ ಕೆಳಗೆ, ನಮ್ಮ ಷೇರು ಮುಗಿಯೋವರೆಗೂ.

ಹಾಗಾದರೆ ಆ 84.50 ಎಲ್ಲಿಂದ ಬಂತು? ಅದು ಕೊನೆಯ ವ್ಯವಹಾರ ನಡೆದ ಬೆಲೆ, ಅಷ್ಟೇ. ಇಪ್ಪತ್ತು ನಿಮಿಷದ ಹಿಂದೆ ಯಾರೋ 5 ಷೇರು ಆ ಬೆಲೆಗೆ ಕೊಂಡಿದ್ದರು. ನಾನು ಮಾರುವಾಗ ಆ ಬೆಲೆಗೆ ಕೊಳ್ಳೋಕೆ ಒಬ್ಬರೂ ನಿಂತಿರಲಿಲ್ಲ.

ನನಗೆ ತುಂಬಾ ಬೇಜಾರಾಗೋದು ಬೇರೆ ವಿಷಯಕ್ಕೆ. ಡೆಪ್ತ್, ಅಂದರೆ ಯಾವ ಬೆಲೆಗೆ ಎಷ್ಟು ಷೇರಿಗೆ ಆರ್ಡರ್ ಇದೆ ಅಂತ ಆ್ಯಪ್ ತೋರಿಸುವ ಪಟ್ಟಿ, ನಾನು ನೋಡಿಯೇ ಇದ್ದೆ. ಅಲ್ಲಿ ಕೆಳಗೆ ಕೊಳ್ಳುವವರ ಒಟ್ಟು ಸಂಖ್ಯೆ ಸುಮಾರು 14,000 ಅಂತ ಇತ್ತು, ನನ್ನ 2,000 ಎಲ್ಲಿ ಸಾಲದೆ ಹೋಗುತ್ತೆ ಅಂದುಕೊಂಡೆ. ಆದರೆ ಆ ಒಟ್ಟು ಸಂಖ್ಯೆಯಲ್ಲಿ ಎಲ್ಲಾ ಬೆಲೆಯ ಆರ್ಡರ್‌ಗಳೂ ಸೇರಿರುತ್ತವೆ. ಹಿಂದಿನ ದಿನ ಷೇರು 85ಕ್ಕೆ ಮುಗಿದಿತ್ತು, 20% ಮಿತಿಯ ಲೋವರ್ ಸರ್ಕ್ಯೂಟ್, ಅಂದರೆ ಆ ದಿನ ಬೆಲೆ ಇಳಿಯಬಹುದಾದ ಕೊನೆಯ ಮಟ್ಟ, 68. ಬಿದ್ದರೆ ಸಿಗಲಿ ಅಂತ 70ರ ಆಸುಪಾಸಿನಲ್ಲಿ ಆರ್ಡರ್ ಹಾಕಿ ಕೂತವರೂ ಆ 14,000ದಲ್ಲಿ ಇದ್ದರು. ಪರದೆ ಮೇಲೆ ಕಾಣುವ ಐದು ಸಾಲು ಕೂಡಿದ್ದರೆ 1,030 ಷೇರು ಅಷ್ಟೇ. ನನ್ನ ಆರ್ಡರ್‌ನ ಅರ್ಧದಷ್ಟು! ಆ ಕೂಡಿಕೆಗೆ ಅರ್ಧ ನಿಮಿಷ ಸಾಕಿತ್ತು.

ಆದ್ದರಿಂದ ಮಾರುವ ಮೊದಲು ಕೊಳ್ಳುವವರ ಕಡೆ ಮೇಲಿಂದ ಕೂಡುತ್ತಾ ಬನ್ನಿ, ನಿಮ್ಮ ಷೇರು ಯಾವ ಸಾಲಿಗೆ ಮುಗಿಯುತ್ತೆ ನೋಡಿ. ಐದು ಸಾಲಲ್ಲೂ ಮುಗಿಯದಿದ್ದರೆ ಆ ಷೇರಿನಲ್ಲಿ ನಿಮ್ಮ ಮಟ್ಟಿಗೆ ಲಿಕ್ವಿಡಿಟಿ ಇಲ್ಲ, ಅಂದರೆ ಹತ್ತಿರದ ಬೆಲೆಗೆ ಸಾಕಷ್ಟು ಕೊಳ್ಳುವವರಿಲ್ಲ. ಅದೇ ಷೇರಲ್ಲಿ 100 ಮಾರುವವರಿಗೆ ಏನೂ ತೊಂದರೆ ಇಲ್ಲ, ಅವರದ್ದು ಪೂರ್ತಿ 84.20ಕ್ಕೇ ಹೋಗುತ್ತೆ. ಜೊತೆಗೆ ಮೊದಲ ಸಾಲಿನಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಎಷ್ಟು ಅಂತರ ಇದೆ ನೋಡಿ. ನನ್ನ ಷೇರಲ್ಲಿ 84.20 ಮತ್ತು 85.40, ಅಂದರೆ 1 ರೂಪಾಯಿ 20 ಪೈಸೆ. ದೊಡ್ಡ ಕಂಪನಿಗಳ ಷೇರಲ್ಲಿ ಈ ಅಂತರ ಸಾಮಾನ್ಯವಾಗಿ ಕೆಲವು ಪೈಸೆಯಷ್ಟೇ ಇರುತ್ತೆ, ಹಾಗಾಗಿ ಅಲ್ಲಿ ಮಾರ್ಕೆಟ್ ಆರ್ಡರ್ ಹಾಕಿ ಅಭ್ಯಾಸ ಆದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

83ಕ್ಕೆ ಲಿಮಿಟ್ ಆರ್ಡರ್, ಅಂದರೆ "83ಕ್ಕಿಂತ ಕಮ್ಮಿಗೆ ಮಾರಬೇಡಿ" ಅನ್ನೋ ಆರ್ಡರ್, ಹಾಕಿದ್ದರೆ ಏನಾಗುತ್ತಿತ್ತು? ಮೊದಲ 150 ಷೇರು 84.20ಕ್ಕೇ ಹೋಗುತ್ತಿತ್ತು, ಯಾಕೆಂದರೆ ಮೊದಲಿಂದ ಕಾಯುತ್ತಿರುವ ಆರ್ಡರ್‌ನ ಬೆಲೆಗೇ ವ್ಯವಹಾರ ನಡೆಯೋದು. ಮೂರು ಸಾಲು ಸೇರಿ 430 ಮಾರಾಟವಾಗಿ, ಉಳಿದ 1,570 ಷೇರು 83ರಲ್ಲಿ ಮಾರುವವರ ಸಾಲಿನ ಮುಂದೆ ನಿಲ್ಲುತ್ತಿತ್ತು. ಅಷ್ಟೂ ಅವತ್ತೇ ಹೋಗುತ್ತಿತ್ತು ಅಂತ ಹೇಳಲಾರೆ. ಲಿಮಿಟ್ ಆರ್ಡರ್ ಬೆಲೆ ಕಾಪಾಡುತ್ತೆ, ಮಾರಾಟದ ಗ್ಯಾರಂಟಿ ಕೊಡಲ್ಲ. ಕಾಣುವ ಆರ್ಡರ್‌ಗಳನ್ನೂ ಹಾಕಿದವರು ಯಾವ ಕ್ಷಣದಲ್ಲಾದರೂ ವಾಪಸ್ ತೆಗೆಯಬಹುದು. ಅರ್ಜೆಂಟ್ ದುಡ್ಡು ಬೇಕಿದ್ದರೆ ಒಂದು ವಾರ ಮುಂಚೆ ಮಾರೋಕೆ ಶುರು ಮಾಡಿ.

ನನ್ನ ಆರ್ಡರ್ ಮುಗಿದ ಹದಿನೈದು ನಿಮಿಷಕ್ಕೆ ಬೆಲೆ ಮತ್ತೆ 83ಕ್ಕೆ ಬಂತು. ಕಂಪನಿಗೆ ಏನೂ ಆಗಿರಲಿಲ್ಲ, ಬೆಲೆ ಬೀಳಿಸಿದ್ದು ನನ್ನ ಆರ್ಡರ್ ಒಂದೇ. ಉಳಿದ 1,000 ಷೇರನ್ನು ಆಮೇಲೆ ದಿನಕ್ಕೆ 200, 250ರಂತೆ ಲಿಮಿಟ್ ಹಾಕಿ ಮಾರಿದೆ. ಐದು ದಿನ ಹಿಡಿಯಿತು, ಒಂದೂ 82ಕ್ಕಿಂತ ಕೆಳಗೆ ಹೋಗಲಿಲ್ಲ.