‘ಶುಭಾಶಯಗಳು’ ಆದ ಮೇಲೆ ಏನು ಹಾಕಬೇಕು?

ಹಬ್ಬದ ಬೆಳಗ್ಗೆ ನಾನು ಕಳುಹಿಸುವ ವಾಕ್ಯ ಬಹುಮಟ್ಟಿಗೆ ಒಂದೇ: ‘ಯುಗಾದಿ ಹಬ್ಬದ ಶುಭಾಶಯಗಳು’. ಇತ್ತೀಚಿನ ಕೆಲವು ಹಬ್ಬಗಳಲ್ಲಿ ಅದರ ಕೊನೆಯನ್ನು ಮಾತ್ರ ಬದಲಾಯಿಸುತ್ತ ಬಂದೆ. ಕೆಲವರಿಗೆ ಪೂರ್ಣವಿರಾಮ, ಕೆಲವರಿಗೆ ಒಂದು ಆಶ್ಚರ್ಯಸೂಚಕ, ಕೆಲವರಿಗೆ ಮೂರು, ಇನ್ನು ಕೆಲವರಿಗೆ ಇಮೋಜಿ. ಮುಂದಿನ ಹಬ್ಬಕ್ಕೆ ಅದೇ ಜನಕ್ಕೆ ಅದಲುಬದಲು. ಅಳತೆಗೋಲು ಸರಳವಾಗಿತ್ತು. ನಾನು ಕಳುಹಿಸಿದ್ದೇ ಹಾಗೆಯೇ ತಿರುಗಿ ಬಂದರೆ ಅದು ಬರಿಯ ಶಿಷ್ಟಾಚಾರ. ಹೊಸದೊಂದು ಮಾತು ಸೇರಿ ಬಂದರೆ ಅಷ್ಟರಮಟ್ಟಿಗೆ ಆತ್ಮೀಯತೆ ತಲುಪಿದೆ. ಫೋನ್ ಬಂದರೆ ಮತ್ತೆ ಹೇಳಬೇಕಾದದ್ದೇ ಇಲ್ಲ.

ಎಲ್ಲಕ್ಕಿಂತ ತಣ್ಣಗೆ ಓದಿಸಿಕೊಂಡದ್ದು ಪೂರ್ಣವಿರಾಮ, ಆದರೆ ಎಲ್ಲರಲ್ಲೂ ಅಲ್ಲ. ನಿವೃತ್ತ ಮೇಷ್ಟ್ರಾದ ನನ್ನ ಚಿಕ್ಕಪ್ಪನಿಗೆ ಅದು ಕಾಣಿಸಲೇ ಇಲ್ಲ. ಅವರು ‘ಆಯಿತು.’ ಎಂದು ಬರೆಯುವಾಗಲೂ ವಿರಾಮವಿಟ್ಟೇ ಬರೆಯುತ್ತಾರೆ. ಅದೇ ಸಂದೇಶಕ್ಕೆ ಕಾಲೇಜು ಓದುವ ಅವರ ಮಗಳಿಂದ ಬಂದ ಉತ್ತರ: ‘ಏನಣ್ಣ, ಕೋಪವೇ?’ ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕಾಗದದಲ್ಲಿ ವಾಕ್ಯ ಮುಗಿಯಿತೆಂದು ಹೇಳಲು ಚುಕ್ಕಿ ಬೇಕು. ವಾಟ್ಸ್ಆ್ಯಪ್‌ನಲ್ಲಿ ಸಂದೇಶದ ಚೌಕಟ್ಟೇ ಆ ಕೆಲಸ ಮಾಡಿಬಿಡುತ್ತದೆ. ಹಾಗಿದ್ದೂ ಚುಕ್ಕಿ ಇಟ್ಟಿದ್ದಾರೆಂದರೆ ಏನೋ ಇರಬೇಕು ಎಂದು ಓದುವವರು ಅರ್ಥ ಹುಡುಕುತ್ತಾರೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಒಂದೇ ಪದದ ಉತ್ತರಕ್ಕೆ ಚುಕ್ಕಿ ಇದ್ದಾಗ ಅದು ಅಷ್ಟು ಮನಃಪೂರ್ವಕವಲ್ಲವೆಂದು ಅನಿಸಿತು. ಕೈಬರಹದ ಚೀಟಿಯಲ್ಲಿ ಅದೇ ಉತ್ತರವಿದ್ದಾಗ ವ್ಯತ್ಯಾಸ ಕಾಣಲಿಲ್ಲ. ನನ್ನ ಅನುಭವದಲ್ಲಿಯೂ ಚುಚ್ಚುವುದು ಕೊನೆಯ ಚುಕ್ಕಿ ಮಾತ್ರ. ‘ಹಬ್ಬದ ಶುಭಾಶಯಗಳು. ಮಾವಿನಕಾಯಿ ಚಿತ್ರಾನ್ನ ಆಯಿತೇ?’ ಎಂದರೆ ನಡುವಿನ ಚುಕ್ಕಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದೇ ಒಂದು ಆಶ್ಚರ್ಯಸೂಚಕ ಎಲ್ಲ ವಯಸ್ಸಿನವರಲ್ಲೂ ಸಲೀಸಾಗಿ ನಡೆಯಿತು. ‘ಆಹಾ!’, ‘ಅಬ್ಬಾ!’ ಎಂಬ ಶಾಲೆಯ ಪಾಠದಲ್ಲಿ ಅದನ್ನು ಕಲಿತ ನಮಗೆ ಅದು ಅಚ್ಚರಿಯ ಗುರುತು. ಸಂದೇಶಗಳಲ್ಲಿ ಅದರ ಕೆಲಸ ಬೇರೆ: ಮುಖದಲ್ಲಿ ನಗು ಇಟ್ಟುಕೊಂಡು ಹೇಳುತ್ತಿದ್ದೇನೆ ಎಂದು ತಿಳಿಸುವುದು. ಆದರೆ ಅದು ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಕಚೇರಿಯ ಕೆಲಸಕ್ಕೆ ಒಬ್ಬರಿಗೆ ‘ನಮಸ್ಕಾರ! ನೀವು ಕಳುಹಿಸಿದ ಕರಡು ನೋಡಿದೆ’ ಎಂದು ಬರೆದೆ. ಅವರ ಉತ್ತರವೂ ‘ನಮಸ್ಕಾರ!’ ಎಂದೇ ಶುರುವಾಯಿತು. ಅದೇ ಮನುಷ್ಯರಿಗೆ ಮತ್ತೊಮ್ಮೆ ‘ನಮಸ್ಕಾರ! ಕಳೆದ ತಿಂಗಳ ಬಿಲ್ ಇನ್ನೂ ಪಾವತಿಯಾಗಿಲ್ಲ’ ಎಂದು ಬರೆದು, ಕಳುಹಿಸುವ ಮುನ್ನ ಓದಿ ನೋಡಿದೆ. ಬಾಕಿ ವಸೂಲಿಗೆ ಬಂದವನು ಬಾಗಿಲಲ್ಲೇ ಹಲ್ಲುಕಿರಿದಂತಿತ್ತು. ಆಶ್ಚರ್ಯಸೂಚಕ ತೆಗೆದು ಅಲ್ಪವಿರಾಮ ಹಾಕಿದೆ. ಆಮೇಲೆ ಬರುವ ಸುದ್ದಿ ಅಹಿತವಾಗಿದ್ದರೆ ಮೊದಲಿನ ಉತ್ಸಾಹ ನಾಟಕವಾಗುತ್ತದೆ.

ಮೂರು ಆಶ್ಚರ್ಯಸೂಚಕಗಳ ತೊಂದರೆ ಆ ದಿನ ಗೊತ್ತಾಗುವುದಿಲ್ಲ, ಮುಂದಿನ ಹಬ್ಬಕ್ಕೆ ಗೊತ್ತಾಗುತ್ತದೆ. ಸಂಕ್ರಾಂತಿಗೆ ನಾನು ‘ಶುಭಾಶಯಗಳು!!!’ ಎಂದು ಬರೆದಿದ್ದ ಗೆಳತಿಗೆ ಯುಗಾದಿಗೆ ‘ಶುಭಾಶಯಗಳು!’ ಎಂದೆ. ‘ಈ ಸಲ ಯಾಕೋ ಸಪ್ಪೆ’ ಎಂದಳು. ಬೇರೆ ಯಾರೋ ಕಳುಹಿಸಿದ್ದರೆ ಆ ಒಂದು ಗುರುತೇ ಅವಳಿಗೆ ಸಾಕಾಗುತ್ತಿತ್ತು. ಓದುವವರು ಚಿಹ್ನೆಯನ್ನು ಅಳೆಯುವುದು ನಿಘಂಟಿನಿಂದಲ್ಲ, ಕಳುಹಿಸಿದವರ ಹಿಂದಿನ ಸಂದೇಶದಿಂದ. ಎಂದೂ ಒಂದು ಇಮೋಜಿಯನ್ನೂ ಹಾಕದ ನನ್ನ ಮೇಲಧಿಕಾರಿ ಒಮ್ಮೆ ‘ಧನ್ಯವಾದಗಳು 🙂’ ಎಂದು ಬರೆದಾಗ ಇಡೀ ತಂಡ ಅದರ ಬಗ್ಗೆ ಮಾತನಾಡಿಕೊಂಡಿತು.

ಇನ್ನು ಇಮೋಜಿ. ಇಲ್ಲಿ ಹೇಳುವುದು ಹೆಚ್ಚಿದೆ, ಮುಖ್ಯವಾಗಿ 🙏 ಬಗ್ಗೆ. ಜಪಾನಿನಲ್ಲಿ ಇದನ್ನು ಕೋರಿಕೆಗೆ, ಕೃತಜ್ಞತೆಗೆ, ಕ್ಷಮೆ ಕೇಳುವುದಕ್ಕೆ ಬಳಸುತ್ತಾರೆ. 2010ರಲ್ಲಿ ಯೂನಿಕೋಡ್‌ಗೆ ಸೇರಿದಾಗ ಅದರ ಹೆಸರು ‘ಕೈ ಮುಗಿದ ವ್ಯಕ್ತಿ’ ಎಂದಷ್ಟೇ ಇತ್ತು. ನಮಗೆ ಅದು ಯಾವ ವಿವರಣೆಯೂ ಇಲ್ಲದೆ ನಮಸ್ಕಾರವಾಯಿತು. ಹಿರಿಯರಿಗೆ ‘ಶುಭಾಶಯಗಳು 🙏’ ಎಂದಾಗ ಸಿಕ್ಕ ಉತ್ತರಗಳು ನಿಜಕ್ಕೂ ಬೆಚ್ಚಗಿದ್ದವು. ‘ಒಳ್ಳೆಯದಾಗಲಿ’ ಎಂಬ ಹಾರೈಕೆ ಹೆಚ್ಚು ಬಂದದ್ದು ಇದಕ್ಕೇ. ಓರಗೆಯವರಲ್ಲಿ ಪರಿಣಾಮ ತಿರುಗುಮುರುಗು. ಅವರಿಗೆ 🙏 ಎಂದರೆ ‘ಸರಿ, ಇಲ್ಲಿಗೆ ಮುಗಿಸೋಣ’. ನಮ್ಮ ವಸತಿ ಸಮುಚ್ಚಯದ ಗುಂಪಿನಲ್ಲಿ ನೀರಿನ ಟ್ಯಾಂಕರ್ ಜಗಳ ನಿಲ್ಲಿಸುವುದೂ ಇದೇ ಇಮೋಜಿ. ಇನ್ನೊಂದು ಸೂಕ್ಷ್ಮವಿದೆ. ಮಾತಿನ ಜೊತೆ ಬಂದ 🙏 ಗೌರವ. ಮಾತಿಲ್ಲದೆ ಒಂಟಿಯಾಗಿ ಬಂದರೆ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ, ಆದರೆ ಹಾಜರಿ ಹಾಕಿದಷ್ಟೇ ಬೆಲೆ.

ನಗುಮುಖಗಳಲ್ಲಿ 🙂 ಅಪಾಯಕಾರಿ, 😊 ಸುರಕ್ಷಿತ. ಮೊದಲನೆಯದರಲ್ಲಿ ಬಾಯಿ ಮಾತ್ರ ನಗುತ್ತದೆ, ಕಣ್ಣು ನಗುವುದಿಲ್ಲ. ಇಪ್ಪತ್ತರ ಆಸುಪಾಸಿನವರು ಅದನ್ನು ವ್ಯಂಗ್ಯವೆಂದೋ ಅಸಹನೆಯೆಂದೋ ಓದುತ್ತಾರೆ. ಎರಡನೆಯದರಲ್ಲಿ ಕಣ್ಣು ಕಿರಿದಾಗಿ ಕೆನ್ನೆ ಕೆಂಪಾಗಿರುತ್ತದೆ. ಜೊತೆಗೆ, ಚಿತ್ರ ಬಿಡಿಸುವವರು ಆಯಾ ಕಂಪನಿಯವರಾದ್ದರಿಂದ ನಾವು ಕಳುಹಿಸಿದ ಮುಖವೇ ಅತ್ತ ಕಡೆ ಕಾಣಬೇಕೆಂದಿಲ್ಲ. 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದನ್ನು ತೋರಿಸಿದಾಗ, ಆಗಿನ ಐಫೋನಿನ 😁 ಹಲ್ಲು ಕಚ್ಚಿದ ಮುಖದಂತೆ ಅನೇಕರಿಗೆ ಕಂಡಿತ್ತು. ಬೇರೆ ಫೋನುಗಳಲ್ಲಿ ಅದೇ ಸಂಕೇತ ನಗುತ್ತಿತ್ತು.

🎂🎉🎊💐🎁 ಎಂಬ ಸಾಲು ನನ್ನ ಹೋಲಿಕೆಯಲ್ಲಿ ಪೂರ್ಣವಿರಾಮಕ್ಕಿಂತ ತುಸು ಮೇಲೆ, ಅಷ್ಟೇ. ಎಲ್ಲಿಂದಲೋ ನಕಲಿಸಿ ಹಾಕಿದ್ದೆಂಬ ಅನುಮಾನ ಅದರ ಬೆನ್ನಿಗೇ ಬರುತ್ತದೆ. ಒಂದೇ ಒಂದು ಹೂಗುಚ್ಛ ಅದಕ್ಕಿಂತ ಎಷ್ಟೋ ವಾಸಿ.

ಪರಿಚಯವಿಲ್ಲದವರಿಗೆ ಬರೆಯುವ ಮೊದಲ ಕಚೇರಿ ಪತ್ರದಲ್ಲಿ ಮಾತ್ರ ಇಮೋಜಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಆಧಾರವೂ ಇದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂಥ ಪತ್ರದಲ್ಲಿನ ನಗುಮುಖ ಬರೆದವರ ಆತ್ಮೀಯತೆಯನ್ನು ಹೆಚ್ಚಿಸಲಿಲ್ಲ. ಅವರ ಸಾಮರ್ಥ್ಯದ ಮೇಲಿನ ನಂಬಿಕೆಯನ್ನು ಕಡಿಮೆ ಮಾಡಿತು. ನಾನು ಎದುರಿನವರು ಮೊದಲು ಹಾಕಲಿ ಎಂದು ಕಾಯುತ್ತೇನೆ. ಅವರು ಒಂದು ಹಾಕಿದರೆ ನಾನೂ ಒಂದು.

ಇಷ್ಟೆಲ್ಲ ಚಿಹ್ನೆಗಳನ್ನು ಸೋಲಿಸಿದ ಸ್ಪರ್ಧಿ ಚಿಹ್ನೆಯೇ ಅಲ್ಲ. ಶಿವಮೊಗ್ಗದಲ್ಲಿರುವ ಚಿಕ್ಕಮ್ಮನಿಗೆ ದೀಪಾವಳಿಗೆ ‘ಶುಭಾಶಯಗಳು 🙏💐’ ಎಂದಾಗ ‘ನಿಮಗೂ 🙏’ ಎಂದು ಬಂದಿತ್ತು. ಯುಗಾದಿಗೆ ‘ಚಿಕ್ಕಮ್ಮಾ, ಹಬ್ಬದ ಶುಭಾಶಯಗಳು. ಹೋಳಿಗೆ ಕಾಯಿಯದೋ ಬೇಳೆಯದೋ?’ ಎಂದು ಬರೆದೆ. ಆಶ್ಚರ್ಯಸೂಚಕ ಇಲ್ಲ, ಇಮೋಜಿ ಇಲ್ಲ. ಹತ್ತು ನಿಮಿಷದೊಳಗೆ ಫೋನ್ ಬಂತು. ಕಣಕ ಸರಿಯಾಗಿ ನೆನೆಯದೆ ಹರಿದುಹೋದ ಹೋಳಿಗೆಯ ಕಥೆ ಪೂರ್ತಿ ಕೇಳಬೇಕಾಯಿತು. ಆದರೆ ಈ ಉಪಾಯ ನೂರು ಜನರಿಗೆ ನಡೆಯುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಪ್ರಶ್ನೆ ಬೇಕು, ಬರುವ ಫೋನುಗಳಿಗೆ ಪುರುಸೊತ್ತೂ ಬೇಕು. ಹಾಗಾಗಿ ಮಿಕ್ಕವರಿಗೆ ಹೆಸರು ಹಿಡಿದು ಒಂದು ಸಾಲು, ಕೊನೆಗೆ ಒಂದು ಆಶ್ಚರ್ಯಸೂಚಕ. ಹಿರಿಯರಾದರೆ ಅದರ ಜಾಗದಲ್ಲಿ 🙏.